ಡೋಬುಟಮಿನ್ ಕೇಳಿದಾಗ ಡೋಪಮಿನ್ ಹೋಗದಿರಲು ಆಸ್ಪತ್ರೆ ಫಾರ್ಮಸಿ ಏನು ಮಾಡಬೇಕು

ಆಸ್ಪತ್ರೆ ಫಾರ್ಮಸಿಯಲ್ಲಿ ಕೆಲಸ ಮಾಡುವವರ ಮುಂದೆ ಎರಡು ಪಟ್ಟಿಗಳಿರುತ್ತವೆ. ಒಂದು ಹೈ ಅಲರ್ಟ್ ಔಷಧಗಳದ್ದು. ಈ ಔಷಧಗಳಲ್ಲಿ ಬೇರೆಯವುಗಳಿಗಿಂತ ಜಾಸ್ತಿ ತಪ್ಪಾಗುತ್ತದೆ ಅಂತಲ್ಲ, ತಪ್ಪಾದರೆ ರೋಗಿಗೆ ಆಗುವ ಹಾನಿ ದೊಡ್ಡದು. ಇನ್ಸುಲಿನ್, ಹೆಪಾರಿನ್, ಮಾರ್ಫಿನ್, ಪೊಟ್ಯಾಶಿಯಂ ಕ್ಲೋರೈಡ್, ಕ್ಯಾನ್ಸರ್ ಔಷಧಗಳು ಇದರಲ್ಲಿ ಬರುತ್ತವೆ. ಇನ್ನೊಂದು, ಹೆಸರು ಕೇಳಲು ಅಥವಾ ಪ್ಯಾಕ್ ನೋಡಲು ಒಂದೇ ಥರ ಇರುವ ಔಷಧಗಳ ಪಟ್ಟಿ. ಇದನ್ನು ಎಲ್ಲರೂ ಲಾಸಾ ಪಟ್ಟಿ ಎನ್ನುತ್ತಾರೆ.

ಎರಡೂ ಪಟ್ಟಿಗಳು ಉದ್ದವಾಗಿಯೇ ಇರುತ್ತವೆ. ಆದರೆ ಎರಡರಲ್ಲೂ ಇರುವ ಜೋಡಿಗಳನ್ನು ಮಾತ್ರ ಆರಿಸಿ ಬರೆದರೆ ಒಂದು ಹಾಳೆ ಸಾಕು. ಡೋಪಮಿನ್–ಡೋಬುಟಮಿನ್, ಅಡ್ರಿನಲಿನ್–ನಾರ್‌ಅಡ್ರಿನಲಿನ್, ವಿನ್‌ಕ್ರಿಸ್ಟಿನ್–ವಿನ್‌ಬ್ಲಾಸ್ಟಿನ್, ಮಾರ್ಫಿನ್–ಹೈಡ್ರೋಮಾರ್ಫೋನ್, ಹೆಪಾರಿನ್‌ನದೇ ಬೇರೆ ಬೇರೆ ಶಕ್ತಿಯ ವಯಲ್‌ಗಳು, ಹೀಗೆ. ನನ್ನ ಪ್ರಕಾರ ಫಾರ್ಮಸಿಯ ಗಟ್ಟಿ ನಿಯಮಗಳೆಲ್ಲ ಮೊದಲು ಈ ಒಂದು ಹಾಳೆಗೆ ಅನ್ವಯವಾಗಬೇಕು. ನೂರಾರು ಔಷಧಗಳಿಗೆ ಒಂದೇ ಎಚ್ಚರ ಕೇಳಿದರೆ ಯಾವುದಕ್ಕೂ ಎಚ್ಚರ ಸಿಗುವುದಿಲ್ಲ.

ಇಲ್ಲಿ ನಾನು ಡೋಪಮಿನ್–ಡೋಬುಟಮಿನ್ ಜೋಡಿಯನ್ನೇ ಹಿಡಿದುಕೊಂಡು ಹೋಗುತ್ತೇನೆ. ಕಾರಣ ಇದೆ. ಈ ಜೋಡಿಯಲ್ಲಿ ಆದ ತಪ್ಪು ತಾನಾಗಿ ಹೊರಗೆ ಕಾಣುವುದಿಲ್ಲ.

ಲೆಕ್ಕ ಸರಿ, ಔಷಧ ಮಾತ್ರ ಬೇರೆ

60 ಕಿಲೋ ತೂಕದ ರೋಗಿ. ಹೃದಯದ ಬಡಿತಕ್ಕೆ ಬಲ ಇಲ್ಲ, ರಕ್ತ ಸಾಕಷ್ಟು ಮುಂದಕ್ಕೆ ಹೋಗುತ್ತಿಲ್ಲ. ವೈದ್ಯರು ಡೋಬುಟಮಿನ್ ಬರೆಯುತ್ತಾರೆ, ಪ್ರತಿ ಕಿಲೋಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ. ಅಂದರೆ ನಿಮಿಷಕ್ಕೆ 300 ಮೈಕ್ರೋಗ್ರಾಂ, ಗಂಟೆಗೆ 18 ಮಿ.ಗ್ರಾಂ. ಡೋಬುಟಮಿನ್ 250 ಮಿ.ಗ್ರಾಂ ಇರುವ 5 ಮಿ.ಲೀ ಆಂಪ್ಯೂಲ್ ಒಂದನ್ನು 50 ಮಿ.ಲೀಗೆ ಬೆರೆಸಿದರೆ ಪ್ರತಿ ಮಿ.ಲೀಗೆ 5 ಮಿ.ಗ್ರಾಂ ಆಗುತ್ತದೆ. ಹಾಗಾಗಿ ಸಿರಿಂಜ್ ಪಂಪ್ ಅನ್ನು ಗಂಟೆಗೆ 3.6 ಮಿ.ಲೀಗೆ ಇಡಬೇಕು.

ಈಗ ಫಾರ್ಮಸಿಯಿಂದ ಡೋಬುಟಮಿನ್ ಬದಲು ಡೋಪಮಿನ್ ಬಂತು ಅಂದುಕೊಳ್ಳಿ. ಅದೂ 5 ಮಿ.ಲೀ ಆಂಪ್ಯೂಲ್. ಒಳಗಿರುವುದು 200 ಮಿ.ಗ್ರಾಂ. ಸಿಸ್ಟರ್ ಒಂದು ಆಂಪ್ಯೂಲ್ ಒಡೆದು 50 ಮಿ.ಲೀಗೆ ಬೆರೆಸುತ್ತಾರೆ, ಪಂಪ್ ಅದೇ 3.6ಕ್ಕೆ ಇಡುತ್ತಾರೆ. ರೋಗಿಗೆ ಈಗ ಹೋಗುತ್ತಿರುವುದು ಪ್ರತಿ ಕಿಲೋಗೆ ನಿಮಿಷಕ್ಕೆ 4 ಮೈಕ್ರೋಗ್ರಾಂ ಡೋಪಮಿನ್. ಇದು ಡೋಪಮಿನ್‌ಗೂ ಮಾಮೂಲಿ ಡೋಸೇ. ಪಂಪ್ ಕಿರುಚುವುದಿಲ್ಲ. ಸಿರಿಂಜ್ ಒಳಗಿನ ನೀರು ನೀರಿನಂತೆಯೇ ಇರುತ್ತದೆ. ಎಷ್ಟು ಆಂಪ್ಯೂಲ್, ಎಷ್ಟು ಮಿ.ಲೀ, ಎಷ್ಟು ವೇಗ, ಎಲ್ಲವೂ ಸರಿಯಾಗಿ ಕಾಣುತ್ತದೆ.

ಆದರೆ ಕೆಲಸ ಬೇರೆ. ಡೋಬುಟಮಿನ್ ಮುಖ್ಯವಾಗಿ ಹೃದಯದ ಸ್ನಾಯುವಿಗೆ ಬಲ ಕೊಡುತ್ತದೆ, ರಕ್ತನಾಳಗಳನ್ನು ಸ್ವಲ್ಪ ಸಡಿಲಿಸುತ್ತದೆ. ಡೋಪಮಿನ್ ಡೋಸ್ ಏರಿದ ಹಾಗೆ ರಕ್ತನಾಳಗಳನ್ನು ಬಿಗಿಸುತ್ತದೆ, ಬಡಿತದ ತಾಳ ತಪ್ಪಿಸುವ ಅಪಾಯವೂ ಇದೆ. ರೋಗಿ ಸುಧಾರಿಸಲಿಲ್ಲ ಅಂತ ವೈದ್ಯರು ಡೋಸ್ ಏರಿಸುತ್ತಾ ಹೋದರೆ, ಏರುತ್ತಿರುವುದು ಅವರು ಬರೆಯದೇ ಇದ್ದ ಔಷಧ. ಮೊದಲೇ ಸೋತ ಹೃದಯ ಬಿಗಿದ ನಾಳಗಳ ವಿರುದ್ಧ ರಕ್ತ ತಳ್ಳಬೇಕಾಗುತ್ತದೆ. ಹಾಸಿಗೆ ಪಕ್ಕ ನಿಂತವರಿಗೆ ಇದು ಕಾಯಿಲೆಯೇ ಜೋರಾದ ಹಾಗೆ ಕಾಣುತ್ತದೆ.

ವಿನ್‌ಕ್ರಿಸ್ಟಿನ್ ಜೋಡಿಯ ಜೊತೆ ಹೋಲಿಸಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ವಿನ್‌ಕ್ರಿಸ್ಟಿನ್ ಅನ್ನು ದೊಡ್ಡವರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿ.ಗ್ರಾಂ ದಾಟಿ ಕೊಡುವುದಿಲ್ಲ. ವಿನ್‌ಬ್ಲಾಸ್ಟಿನ್ 10 ಮಿ.ಗ್ರಾಂ ಬೇಕಾಗಬಹುದು. ಕೈಗೆ ವಿನ್‌ಕ್ರಿಸ್ಟಿನ್ ಬಂದು ಡೋಸ್ 10 ಅಂತ ಇದ್ದರೆ ಅಂಕಿಯೇ ಕೂಗಿ ಹೇಳುತ್ತದೆ. ಅಲ್ಲಿ ಡೋಸ್ ಪರೀಕ್ಷೆ ಒಂದು ನಿಜವಾದ ತಡೆ. ಡೋಪಮಿನ್–ಡೋಬುಟಮಿನ್‌ನಲ್ಲಿ ಆ ತಡೆ ಇಲ್ಲವೇ ಇಲ್ಲ. ಆದ್ದರಿಂದ ಹಾಳೆಯಲ್ಲಿರುವ ಪ್ರತಿ ಜೋಡಿಯ ಪಕ್ಕ ಒಂದು ಪ್ರಶ್ನೆ ಬರೆದಿಡಬೇಕು: ಅದಲು ಬದಲಾದರೆ ಡೋಸ್ ನೋಡಿ ಗೊತ್ತಾಗುತ್ತದೆಯೇ? ಗೊತ್ತಾಗದ ಜೋಡಿಗಳಿಗೆ ಉಳಿದ ತಡೆಗಳು ಇನ್ನಷ್ಟು ಗಟ್ಟಿಯಾಗಿರಬೇಕು.

ತಪ್ಪು ಕೌಂಟರ್‌ನಲ್ಲಿ ಶುರುವಾಗುವುದಿಲ್ಲ

ತಪ್ಪಾದಾಗ ಎಲ್ಲರೂ ಕೊನೆಗೆ ಔಷಧ ಕೊಟ್ಟ ಕೈಯನ್ನೇ ನೋಡುತ್ತಾರೆ. ಅಷ್ಟು ಹೊತ್ತಿಗೆ ತಪ್ಪು ಎಷ್ಟೋ ದೂರ ನಡೆದು ಬಂದಿರುತ್ತದೆ.

2006ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಒಂದು ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಆರು ಶಿಶುಗಳಿಗೆ ಹೆಪಾರಿನ್ ಸಾವಿರ ಪಟ್ಟು ಜಾಸ್ತಿ ಹೋಯಿತು. ಮೂರು ಶಿಶುಗಳು ತೀರಿಕೊಂಡವು. ರಕ್ತನಾಳಕ್ಕೆ ಹಾಕಿದ ಕೊಳವೆ ಕಟ್ಟಿಕೊಳ್ಳದಿರಲಿ ಅಂತ ಬಳಸಬೇಕಿದ್ದದ್ದು ಮಿ.ಲೀಗೆ 10 ಯೂನಿಟ್ ಇರುವ ವಯಲ್. ಬಂದದ್ದು ಮಿ.ಲೀಗೆ 10,000 ಯೂನಿಟ್ ಇರುವುದು. ಎರಡೂ ಒಂದೇ ಅಳತೆಯ ಪುಟ್ಟ ವಯಲ್‌ಗಳು, ಎರಡರ ಲೇಬಲ್ಲೂ ನೀಲಿ. ಒಂದು ತುಸು ತಿಳಿ, ಒಂದು ತುಸು ಗಾಢ. ಫಾರ್ಮಸಿಯ ಸಿಬ್ಬಂದಿ ವಾರ್ಡಿನ ಔಷಧ ಕಪಾಟಿಗೆ ಸ್ಟಾಕ್ ತುಂಬುವಾಗ ತಪ್ಪು ವಯಲ್‌ಗಳು ಆ ಡ್ರಾಯರ್‌ಗೆ ಹೋದವು. ಆಮೇಲೆ ಬಂದ ದಾದಿಯರು ದಿನಾ ತೆಗೆಯುವ ಡ್ರಾಯರ್‌ನಿಂದ ದಿನಾ ತೆಗೆಯುವ ಹಾಗೆ ತೆಗೆದರು.

2007ರ ಫೆಬ್ರವರಿಯಲ್ಲಿ ತಯಾರಕರು ಮತ್ತು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಎರಡು ವಯಲ್‌ಗಳ ಬಗ್ಗೆ ಆಸ್ಪತ್ರೆಗಳಿಗೆ ಎಚ್ಚರಿಕೆ ಕಳಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಆಸ್ಪತ್ರೆಯೊಂದರಲ್ಲಿ ಅವಳಿ ಶಿಶುಗಳಿಗೆ ಮತ್ತೆ 10ರ ಬದಲು 10,000 ಯೂನಿಟ್‌ನ ಹೆಪಾರಿನ್ ಹೋಯಿತು. ಪುಣ್ಯಕ್ಕೆ ಮಕ್ಕಳು ಉಳಿದವು. ಎಚ್ಚರಿಕೆಯ ಕಾಗದ ಎಲ್ಲರನ್ನೂ ತಲುಪಿದರೂ ವಯಲ್ ಅದೇ, ಡ್ರಾಯರ್ ಅದೇ, ತುಂಬುವ ಕ್ರಮ ಅದೇ ಆಗಿದ್ದರೆ ಏನೂ ಬದಲಾಗುವುದಿಲ್ಲ.

ಈ ಕಾರಣಕ್ಕೆ ಔಷಧ ಕೊಡುವ ಕ್ರಮ ಗೋಡೌನಿನ ಬಾಗಿಲಿನಿಂದಲೇ ಶುರುವಾಗಬೇಕು. ಹೊಸ ಕಂಪನಿಯ ಡೋಬುಟಮಿನ್ ಬಂತು ಅನ್ನಿ. ಕಪಾಟಿಗೆ ಹೋಗುವ ಮೊದಲು ಒಂದು ಆಂಪ್ಯೂಲ್ ಅನ್ನು ಹಾಳೆಯಲ್ಲಿರುವ ಜೋಡಿ ಔಷಧದ ಪಕ್ಕ ಇಟ್ಟು ನೋಡಬೇಕು. ಪೆಟ್ಟಿಗೆ ಅಲ್ಲ, ಆಂಪ್ಯೂಲ್. ಪೆಟ್ಟಿಗೆಗಳು ಬೇರೆ ಬೇರೆ ಬಣ್ಣದವಿದ್ದು ಒಳಗಿನ ಆಂಪ್ಯೂಲ್‌ಗಳು ಅಕ್ಕತಂಗಿಯರಂತೆ ಇರುವುದು ತೀರಾ ಸಾಮಾನ್ಯ. ಒಂದೇ ಕಂಪನಿಯಿಂದ ಎರಡೂ ಔಷಧ ತರಿಸಿದರೆ ಇದು ಇನ್ನೂ ಜಾಸ್ತಿ, ಯಾಕೆಂದರೆ ಕಂಪನಿಗಳು ತಮ್ಮ ಎಲ್ಲ ಉತ್ಪನ್ನಗಳಿಗೂ ಒಂದೇ ವಿನ್ಯಾಸ ಹಾಕುತ್ತವೆ. ಜೋಡಿಯ ಎರಡು ಔಷಧಗಳನ್ನು ಎರಡು ಬೇರೆ ಕಂಪನಿಗಳಿಂದ ಕೊಳ್ಳುವುದು ಎಲ್ಲಕ್ಕಿಂತ ಸುಲಭದ ತಡೆ. ಖರೀದಿ ವಿಭಾಗಕ್ಕೆ ಇದನ್ನು ಬರೆದುಕೊಟ್ಟಿರಬೇಕು, ಇಲ್ಲದಿದ್ದರೆ ಅವರು ದರ ಮಾತ್ರ ನೋಡುತ್ತಾರೆ.

ಬಾರ್‌ಕೋಡ್ ಇರುವ ಫಾರ್ಮಸಿಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೊಸ ಪ್ಯಾಕ್‌ನ ಕೋಡ್ ಅನ್ನು ಕಂಪ್ಯೂಟರ್‌ನಲ್ಲಿ ಯಾವ ಔಷಧಕ್ಕೆ ಸೇರಿಸಬೇಕು ಅಂತ ಮೊದಲ ಸಲ ಯಾರೋ ಒಬ್ಬರು ಆರಿಸುತ್ತಾರೆ. ಅಲ್ಲಿ ಡೋಬುಟಮಿನ್‌ನ ಕೋಡ್ ಡೋಪಮಿನ್ ಸಾಲಿಗೆ ಸೇರಿಬಿಟ್ಟರೆ, ಆಮೇಲೆ ಯಂತ್ರ ಪ್ರತಿ ಸಲವೂ ತಪ್ಪನ್ನೇ ಸರಿ ಅನ್ನುತ್ತದೆ. ಈ ಮೊದಲ ಸೇರಿಸುವಿಕೆಗೆ ಇಬ್ಬರು ಬೇಕೇ ಬೇಕು.

ಕಪಾಟಿನಲ್ಲಿ ಅಕಾರಾದಿಯಾಗಿ ಜೋಡಿಸುವ ಅಭ್ಯಾಸ ಈ ಜೋಡಿಗಳಿಗೆ ಸಲ್ಲದು. ಇಂಗ್ಲಿಷ್ ಅಕ್ಷರಗಳ ಪ್ರಕಾರ ಜೋಡಿಸಿದರೆ ಎರಡೂ ಅಕ್ಕಪಕ್ಕವೇ ಬರುತ್ತವೆ. ಒಂದನ್ನು ಬೇರೆ ಸಾಲಿಗೆ, ಸಾಧ್ಯವಾದರೆ ಬೇರೆ ಕಪಾಟಿಗೆ ಒಯ್ದು, ಖಾಲಿಯಾದ ಜಾಗದಲ್ಲಿ ಅದು ಈಗ ಎಲ್ಲಿದೆ ಅಂತ ಒಂದು ಚೀಟಿ ಅಂಟಿಸಬೇಕು. ಹೆಪಾರಿನ್‌ನಂಥವುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಎಂದರೆ ಬೇಡದ ಶಕ್ತಿಯನ್ನು ಇಟ್ಟುಕೊಳ್ಳದೇ ಇರುವುದು. ಇಲ್ಲದ ವಯಲ್ ಅನ್ನು ಯಾರೂ ತಪ್ಪಾಗಿ ತೆಗೆಯಲಾರರು.

ಆರ್ಡರ್ ಬಂದಾಗ

ಫಾರ್ಮಸಿಗೆ ಬರುವ ಆರ್ಡರ್‌ನಲ್ಲಿ ಔಷಧದ ಪೂರ್ತಿ ಹೆಸರು, ಡೋಸ್, ರೋಗಿಯ ತೂಕ, ಬೆರೆಸುವ ಪ್ರಮಾಣ ಇರಬೇಕು ಅಂತ ಎಲ್ಲ ಆಸ್ಪತ್ರೆಗಳ ನಿಯಮದಲ್ಲೂ ಇರುತ್ತದೆ. ಇವುಗಳಿಗಿಂತ ಈ ಜೋಡಿಗೆ ಮುಖ್ಯವಾದದ್ದು ಯಾಕಾಗಿ ಕೊಡುತ್ತಿದ್ದಾರೆ ಎಂಬ ಒಂದು ಸಾಲು. ಡೋಸ್ ಸುಳಿವು ಕೊಡದ ಕಡೆ ಕಾರಣವೇ ಸುಳಿವು ಕೊಡುತ್ತದೆ. ‘ಹೃದಯ ದುರ್ಬಲ, ಬಿಪಿ ಪರವಾಗಿಲ್ಲ’ ಎಂಬ ಸಾಲಿನ ಜೊತೆ ಡೋಪಮಿನ್ ಬರೆದಿದ್ದರೆ ಫಾರ್ಮಸಿಸ್ಟ್ ಫೋನ್ ಎತ್ತಲೇಬೇಕು. ಬಹುಶಃ ವೈದ್ಯರ ಆಯ್ಕೆಯೇ ಅದಿರಬಹುದು. ಕಂಪ್ಯೂಟರಿನ ಪಟ್ಟಿಯಲ್ಲಿ ಬೆರಳು ಒಂದು ಸಾಲು ಕೆಳಗೆ ಜಾರಿರಲೂಬಹುದು.

ಪಟ್ಟಿಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್‌ಗೆ ಮುಂಚೆ ರೋಗಿಯ ಆತಂಕ ಕಡಿಮೆ ಮಾಡಲು ಮಿಡಜೋಲಮ್ ಕೊಡಬೇಕಿತ್ತು. ಔಷಧ ಕಪಾಟಿನ ಪರದೆಯಲ್ಲಿ ದಾದಿ ಅದರ ಬ್ರ್ಯಾಂಡ್ ಹೆಸರು Versed ಹುಡುಕಲು VE ಎಂದು ಒತ್ತಿದರು. ಸಿಕ್ಕಿದ್ದು vecuronium, ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುವ ಔಷಧ. ರೋಗಿ ಬದುಕಲಿಲ್ಲ. 2022ರಲ್ಲಿ ಆ ದಾದಿಗೆ ಕ್ರಿಮಿನಲ್ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಜಗತ್ತಿನಾದ್ಯಂತ ಆಸ್ಪತ್ರೆಗಳಲ್ಲಿ ಆ ತೀರ್ಪಿನ ಬಗ್ಗೆ ಚರ್ಚೆ ಆಗಿದೆ. ಫಾರ್ಮಸಿಗೆ ಅದಕ್ಕಿಂತ ಮುಖ್ಯವಾದದ್ದು ಎರಡು ಅಕ್ಷರ ಒತ್ತಿದರೆ ಔಷಧ ಸಿಗುವಂಥ ಹುಡುಕಾಟ. ಔಷಧ ಸುರಕ್ಷತೆಯ ಕೆಲಸ ಮಾಡುವ ಐಎಸ್‌ಎಂಪಿ ಸಂಸ್ಥೆ ಈಗ ಕನಿಷ್ಠ 5 ಅಕ್ಷರ ಒತ್ತಿದ ಮೇಲೆಯೇ ಹೆಸರು ಕಾಣಿಸಬೇಕು ಎನ್ನುತ್ತದೆ. ನಮ್ಮ ಜೋಡಿಗೆ ಇದು ಹೇಳಿ ಮಾಡಿಸಿದ ಹಾಗಿದೆ. DO ಒತ್ತಿದರೆ ಎರಡೂ ಬರುತ್ತವೆ. DOBUT ಒತ್ತಿದರೆ ಒಂದೇ.

ಫೋನ್ ಆರ್ಡರ್‌ಗಳನ್ನು ತುರ್ತು ಇದ್ದಾಗ ಮಾತ್ರ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಬರೆದುಕೊಂಡು, ಬರೆದದ್ದನ್ನು ವಾಪಸ್ ಓದಬೇಕು. ಹೆಸರನ್ನು ಬಿಡಿಸಿ ಹೇಳಬೇಕು.

‘ಸಿಸ್ಟರ್, ವಾಪಸ್ ಓದ್ತೀನಿ ಕೇಳಿ. ಡಿ, ಓ, ಬಿ, ಯು, ಟಿ. ಡೋಬುಟಮಿನ್. 250 ಮಿ.ಗ್ರಾಂ, ಎರಡು ಐದು ಸೊನ್ನೆ. ಯಾತಕ್ಕೆ ಕೊಡ್ತಿದ್ದಾರೆ?’

‘ಹಾರ್ಟ್ ಪಂಪಿಂಗ್ ತೀರಾ ಕಡಿಮೆ ಇದೆ ಸರ್, ಎಕೋ ಆಗಿದೆ. ಬಿ ಫಾರ್ ಬಾಲ್, ಸರಿಯಾಗಿದೆ.’

ಅರ್ಧ ನಿಮಿಷದ ಮಾತು. ‘ಡೋಬು ಕಳಿಸಿ’ ಅಂತಷ್ಟೇ ಕೇಳಿ ‘ಆಯ್ತು’ ಅಂದರೆ, ಗದ್ದಲದ ಐಸಿಯುನಿಂದ ಬಂದ ಆ ಒಂದು ಪದದಲ್ಲಿ ‘ಬು’ ಕೇಳಿಸಿತೋ ‘ಪ’ ಕೇಳಿಸಿತೋ ಅನ್ನುವುದಕ್ಕೆ ಸಾಕ್ಷಿ ಇರುವುದಿಲ್ಲ. ಚಿಕ್ಕ ಹೆಸರುಗಳನ್ನು ಒಪ್ಪಿಕೊಳ್ಳದಿರುವುದೇ ನಿಯಮವಾಗಬೇಕು.

ಕೈಗೆ ತೆಗೆದುಕೊಳ್ಳುವಾಗ

ಕಪಾಟಿನ ಮುಂದೆ ನಿಂತಾಗ ಕೈಯಲ್ಲಿ ಆರ್ಡರ್ ಇರಬೇಕು. ನೆನಪಿನಿಂದ ತೆಗೆಯಬಾರದು. ಬಿನ್ ಮೇಲೆ ಬರೆದ ಹೆಸರು ಬಿನ್‌ನದ್ದು, ಒಳಗಿನ ಆಂಪ್ಯೂಲ್‌ನದ್ದಲ್ಲ. ಹಾಗಾಗಿ ಓದಬೇಕಾದದ್ದು ಆಂಪ್ಯೂಲ್ ಅನ್ನು. ಮೂರು ಸಲ ಓದುವ ಹಳೆಯ ಅಭ್ಯಾಸ ಈಗಲೂ ಒಳ್ಳೆಯದೇ: ತೆಗೆಯುವಾಗ, ಟ್ರೇಗೆ ಇಡುವಾಗ, ಉಳಿದ ಪೆಟ್ಟಿಗೆಯನ್ನು ಜಾಗಕ್ಕೆ ಇಡುವಾಗ. ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮುಂದಿನವರಿಗೆ ಬಲೆ ಒಡ್ಡುವುದು ಅದೇ. ತಪ್ಪು ಜಾಗಕ್ಕೆ ಹೋದ ಪೆಟ್ಟಿಗೆ ಮುಂದಿನ ಶಿಫ್ಟಿನವರಿಗಾಗಿ ಕಾಯುತ್ತಾ ಕೂರುತ್ತದೆ.

ಆಂಪ್ಯೂಲ್ ಓದುವುದೇ ಒಂದು ಕೆಲಸ. ಗಾಜಿನ ಮೇಲೆ ನೇರವಾಗಿ ಮುದ್ರಿಸಿದ ಅಕ್ಷರಗಳು ಸಣ್ಣವು. ಹೆಸರು ಗಾಜಿನ ಸುತ್ತ ಬಾಗಿರುತ್ತದೆ. ಎದುರಿಗೆ ಕಾಣುವುದು ‘DO’ ಮತ್ತು ಕೊನೆಯ ‘mine’ ಅಷ್ಟೇ ಇರಬಹುದು, ಮಧ್ಯದ ಅಕ್ಷರಗಳು ಹೊರಳಿಸಿದರೆ ಮಾತ್ರ ಸಿಗುತ್ತವೆ. ಕಂದು ಗಾಜಿನ ಮೇಲೆ ಬಿಳಿ ಅಕ್ಷರ ಇದ್ದರೆ ಟ್ಯೂಬ್‌ಲೈಟ್ ಹೊಳಪಿನಲ್ಲಿ ಅದೂ ಕಾಣದು. ಹಾಗಾಗಿ ಓದುವ ಜಾಗಕ್ಕೆ ಒಳ್ಳೆಯ ಬೆಳಕು, ಕೆಳಗೆ ಬಿಳಿ ಹಾಳೆ, ಕೈಗೆಟುಕುವಂತೆ ಒಂದು ಭೂತಗನ್ನಡಿ. ಇವಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಆದರೂ ಫಾರ್ಮಸಿಯ ಅತಿ ಮಬ್ಬಾದ ಮೂಲೆಯಲ್ಲೇ ಇಂಜೆಕ್ಷನ್ ಕಪಾಟು ಇಡುವುದನ್ನು ನೋಡಿದರೆ ಬೇಸರವಾಗುತ್ತದೆ.

ಹೆಸರಿನ ಭಿನ್ನ ಭಾಗವನ್ನು ದೊಡ್ಡ ಅಕ್ಷರದಲ್ಲಿ ಬರೆಯುವ ಪದ್ಧತಿ ನಿಮಗೆ ಗೊತ್ತಿರಬಹುದು. DOPamine, DOBUTamine ಹೀಗೆ. ಟಾಲ್ ಮ್ಯಾನ್ ಅಕ್ಷರ ಅಂತ ಇದಕ್ಕೆ ಹೆಸರು. 2001ರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕೆಲವು ಜೋಡಿಗಳಿಗೆ ಇದನ್ನು ಹೇಳುತ್ತಾ ಬಂದಿದೆ. ಪರದೆಯಲ್ಲಿ, ಬಿನ್ ಚೀಟಿಯಲ್ಲಿ, ನಾವು ಅಂಟಿಸುವ ಲೇಬಲ್‌ನಲ್ಲಿ ಇದು ಇರಲಿ. ಕಣ್ಣು ಹೆಸರಿನ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ಆದರೆ ಇದನ್ನೇ ನಂಬಿ ಕೂರುವಂತಿಲ್ಲ. ಇದರಿಂದ ತಪ್ಪು ಎಷ್ಟು ಕಡಿಮೆಯಾಗುತ್ತದೆ ಎಂಬುದಕ್ಕೆ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ಮೇಲಾಗಿ ಕಂಪನಿಯ ಆಂಪ್ಯೂಲ್ ಮೇಲೆ ಈ ಅಕ್ಷರಗಳು ಇರಲೇಬೇಕೆಂದಿಲ್ಲ. ಪರದೆ ಒಂದು ಥರ, ಕೈಯಲ್ಲಿರುವ ಗಾಜು ಇನ್ನೊಂದು ಥರ.

ಬಣ್ಣದ ಸ್ಟಿಕ್ಕರ್‌ಗಳದ್ದೂ ಇದೇ ಕತೆ. ಕೆಂಪು ಸ್ಟಿಕ್ಕರ್ ಹೈ ಅಲರ್ಟ್‌ಗೆ, ಹಳದಿ ಲಾಸಾಗೆ ಅಂತ ಮಾಡಿಕೊಂಡ ಕೆಲವು ಕಡೆ ಎರಡು ಆಂಪ್ಯೂಲ್‌ಗೂ ಕೆಂಪು, ಹಳದಿ ಎರಡೂ ಬೀಳುತ್ತವೆ. ಮೊದಲು ಅಲ್ಪಸ್ವಲ್ಪ ಬೇರೆಯಾಗಿ ಕಾಣುತ್ತಿದ್ದವು ಈಗ ಪೂರ್ತಿ ಒಂದೇ ಥರ ಆಗುತ್ತವೆ. ಇನ್ನೂ ಕೆಟ್ಟದ್ದೆಂದರೆ ಸ್ಟಿಕ್ಕರ್ ಹೋಗಿ ಔಷಧದ ಹೆಸರಿನ ಮೇಲೇ ಕೂರುವುದು. ಎಚ್ಚರಿಕೆಯ ಚೀಟಿ ಬಿನ್ ಮೇಲೆ ಮತ್ತು ಹೊರ ಚೀಲದ ಮೇಲೆ ಇರಲಿ. ಆಂಪ್ಯೂಲ್ ಮೇಲೆ ಹಾಕಲೇಬೇಕಿದ್ದರೆ ಹೆಸರು, ಶಕ್ತಿ, ಬ್ಯಾಚ್ ನಂಬರ್ ಮೂರೂ ಕಾಣುವಂತೆ ಹಾಕಬೇಕು.

ಬಾರ್‌ಕೋಡ್ ಇದ್ದರೆ ಪ್ರತಿ ಆಂಪ್ಯೂಲ್ ಅನ್ನೂ ಸ್ಕ್ಯಾನ್ ಮಾಡಬೇಕು. ಐದು ಆಂಪ್ಯೂಲ್ ಬೇಕಾದಾಗ ಒಂದನ್ನು ಸ್ಕ್ಯಾನ್ ಮಾಡಿ ಸಂಖ್ಯೆ 5 ಅಂತ ಒತ್ತಿದರೆ, ಉಳಿದ ನಾಲ್ಕನ್ನು ಯಂತ್ರ ನೋಡಿಯೇ ಇಲ್ಲ ಅಂತ ಅರ್ಥ. ಆಂಪ್ಯೂಲ್ ಮೇಲೆ ಕೋಡ್ ಇಲ್ಲದೆ ಪೆಟ್ಟಿಗೆ ಮೇಲೆ ಮಾತ್ರ ಇರುವುದೂ ಉಂಟು. ಆಗ ಸೀಲ್ ಒಡೆಯದ ಪೆಟ್ಟಿಗೆಯನ್ನು ಮಾತ್ರ ಯಂತ್ರದ ಮಾತಿನ ಮೇಲೆ ನಂಬಬಹುದು. ಒಡೆದ ಪೆಟ್ಟಿಗೆಯಲ್ಲಿ ಕಣ್ಣೇ ಗತಿ.

ಎರಡನೆಯವರು ನೋಡುವುದು ಹೇಗೆ

ಹೈ ಅಲರ್ಟ್ ಔಷಧ ಹೊರಡುವ ಮುನ್ನ ಇಬ್ಬರು ನೋಡಬೇಕು ಎಂಬ ನಿಯಮ ಎಲ್ಲ ಕಡೆ ಇದೆ. ಕಾಗದದ ಮೇಲೆ ಎರಡು ಸಹಿಯೂ ಇರುತ್ತವೆ. ಆ ಎರಡನೇ ಸಹಿ ಹೇಗೆ ಬಂತು ಅನ್ನುವುದೇ ಪ್ರಶ್ನೆ.

‘ಮೇಡಂ, ಇದು ಡೋಬುಟಮಿನ್ ಅಲ್ವಾ, ಒಂದು ಸೈನ್ ಹಾಕಿ’ ಅಂತ ಟ್ರೇ ಮುಂದೆ ಹಿಡಿದರೆ ಮೇಡಂ ಕಣ್ಣಿಗೆ ಡೋಬುಟಮಿನ್ನೇ ಕಾಣುತ್ತದೆ. ಹೆಸರು ಆಗಲೇ ಕಿವಿಗೆ ಬಿದ್ದಿದೆ. ಮನಸ್ಸು ಆ ಹೆಸರನ್ನು ಇಟ್ಟುಕೊಂಡು ಆಂಪ್ಯೂಲ್ ನೋಡುತ್ತದೆ, ಮೊದಲ ಎರಡು ಅಕ್ಷರ ಹೊಂದಿದರೆ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಇದು ಅಜಾಗರೂಕತೆ ಅಲ್ಲ. ಓದು ಬರುವ ಎಲ್ಲರ ಕಣ್ಣೂ ಹೀಗೇ ಕೆಲಸ ಮಾಡುವುದು. ಅನುಭವ ಜಾಸ್ತಿ ಇದ್ದಷ್ಟೂ ಇದು ಜಾಸ್ತಿ. ಹೀಗಾಗಿ ಇಬ್ಬರು ನೋಡಿದರೂ ಒಬ್ಬರು ನೋಡಿದ ಹಾಗೇ ಆಗುತ್ತದೆ.

ಸರಿಯಾದ ಕ್ರಮದಲ್ಲಿ ಮೊದಲಿನವರು ಬಾಯಿ ಬಿಡುವುದಿಲ್ಲ. ಮೂಲ ಆರ್ಡರ್ ಮತ್ತು ಟ್ರೇ ಎರಡನ್ನೂ ಇಟ್ಟು ಸರಿದು ನಿಲ್ಲುತ್ತಾರೆ. ಎರಡನೆಯವರು ಮೊದಲು ಆಂಪ್ಯೂಲ್ ಕೈಗೆತ್ತಿಕೊಂಡು, ಹೊರಳಿಸಿ, ಅದರ ಮೇಲಿರುವುದನ್ನು ಜೋರಾಗಿ ಓದುತ್ತಾರೆ: ಹೆಸರು, ಒಟ್ಟು ಎಷ್ಟು ಮಿ.ಗ್ರಾಂ, ಎಷ್ಟು ಮಿ.ಲೀ, ಬ್ಯಾಚ್, ಎಕ್ಸ್‌ಪೈರಿ. ಆಮೇಲೆ ಆರ್ಡರ್ ಓದುತ್ತಾರೆ. ಆಂಪ್ಯೂಲ್‌ನಿಂದ ಆರ್ಡರ್ ಕಡೆಗೆ ಹೋಗುವುದರಲ್ಲಿ ಗುಟ್ಟು ಇದೆ. ಆರ್ಡರ್ ಮೊದಲು ಓದಿದರೆ ಕಣ್ಣು ಮತ್ತೆ ಅದನ್ನೇ ಹುಡುಕುತ್ತದೆ. ಕೊನೆಗೆ ಲೆಕ್ಕ. 60 ಕಿಲೋಗೆ 5 ಮೈಕ್ರೋಗ್ರಾಂನಂತೆ ಗಂಟೆಗೆ ಎಷ್ಟು, 250 ಮಿ.ಗ್ರಾಂ ಎಷ್ಟು ಹೊತ್ತು ಬರುತ್ತದೆ, ಎಷ್ಟು ಆಂಪ್ಯೂಲ್ ಬೇಕು ಅಂತ ತಾವೇ ಬೇರೆ ಹಾಳೆಯಲ್ಲಿ ಮಾಡುತ್ತಾರೆ. ಗಂಟೆಗೆ 18 ಮಿ.ಗ್ರಾಂ ಅಂದರೆ ಒಂದು ಆಂಪ್ಯೂಲ್ ಸುಮಾರು 14 ಗಂಟೆ ಬರುತ್ತದೆ. ಇಡೀ ದಿನಕ್ಕೆ ಎರಡು ಸಾಕು. ಮೊದಲಿನವರ ಲೆಕ್ಕದ ಹಾಳೆಯನ್ನು ಈ ಹೊತ್ತಿಗೆ ಮಾತ್ರ ತೆರೆದು ಹೋಲಿಸುತ್ತಾರೆ. ನಮ್ಮ ಜೋಡಿಯಲ್ಲಿ 250 ಮತ್ತು 200 ಎಂಬ ವ್ಯತ್ಯಾಸ ಸಿಕ್ಕಿಬೀಳುವುದು ಇಲ್ಲೇ.

ಇದಕ್ಕೆ ಎರಡು ಮೂರು ನಿಮಿಷ ಬೇಕು. ಆದ್ದರಿಂದಲೇ ಪಟ್ಟಿ ಚಿಕ್ಕದಾಗಿರಬೇಕು ಅಂದದ್ದು. ಪ್ರತಿ ಮಾತ್ರೆಗೂ ಎರಡು ಸಹಿ ಕೇಳುವ ಫಾರ್ಮಸಿಯಲ್ಲಿ ಸಹಿಗಳು ಮಾತ್ರ ಇರುತ್ತವೆ, ಪರೀಕ್ಷೆ ಇರುವುದಿಲ್ಲ.

ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದರೆ? ಎಷ್ಟೋ ಕಡೆ ಇರುವುದು ಒಬ್ಬರೇ. ಆಗ ಇರುವ ದಾರಿಗಳಲ್ಲಿ ಯಾವುದೂ ಪೂರ್ತಿ ಸರಿಸಾಟಿ ಅಲ್ಲ. ಔಷಧ ಒಯ್ಯಲು ಬಂದ ಸಿಸ್ಟರ್‌ಗೆ ಹೆಸರು ಹೇಳದೆ ಆಂಪ್ಯೂಲ್ ಕೊಟ್ಟು ಓದಿಸುವುದು ಒಳ್ಳೆಯದು. ಅದೂ ಆಗದಿದ್ದರೆ ಟ್ರೇ ಬದಿಗಿಟ್ಟು, ಮಧ್ಯೆ ಬೇರೆ ಒಂದು ಕೆಲಸ ಮುಗಿಸಿ, ಹಿಂತಿರುಗಿ ಬಂದು ಆಂಪ್ಯೂಲ್‌ನಿಂದ ಶುರು ಮಾಡಿ ಓದುವುದು. ತನ್ನ ತಪ್ಪು ತನಗೆ ಕಾಣುವುದು ಕಷ್ಟ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕಾಣುವ ಸಾಧ್ಯತೆ ಸ್ವಲ್ಪ ಹೆಚ್ಚು, ಅಷ್ಟೇ. ರಾತ್ರಿ ಬೇಕಾಗುವ ಇನ್‌ಫ್ಯೂಷನ್‌ಗಳನ್ನು ಹಗಲು ಇಬ್ಬರಿರುವಾಗಲೇ ನೋಡಿ ಸೀಲ್ ಮಾಡಿಟ್ಟುಬಿಡುವುದು ಇವೆಲ್ಲಕ್ಕಿಂತ ಮೇಲು.

ಹೊರಗೆ ಹೋಗುವ ಪ್ಯಾಕ್ ಮೇಲಿನ ಲೇಬಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೋಗಿಯ ಹೆಸರು, ಆಸ್ಪತ್ರೆ ನಂಬರ್, DOBUTamine 250 mg/5 mL ಅಂತ ಒಟ್ಟು ಪ್ರಮಾಣ, ‘ಬೆರೆಸಿಯೇ ಕೊಡಬೇಕು’ ಎಂಬ ಸಾಲು. ಒಂದು ಚೀಲದಲ್ಲಿ ಒಂದೇ ಔಷಧ. ಜೋಡಿಯ ಎರಡೂ ಒಂದೇ ರೋಗಿಗೆ ಹೋಗಬೇಕಿದ್ದರೆ ಎರಡು ಚೀಲ, ಎರಡು ಸಲ ಹಸ್ತಾಂತರ. ತೆಗೆದುಕೊಳ್ಳುವವರು ಫಾರ್ಮಸಿಯ ಲೇಬಲ್ ಅಲ್ಲ, ಆಂಪ್ಯೂಲ್ ಓದಿ ಸಹಿ ಹಾಕಬೇಕು. ಲೇಬಲ್ ನಾವು ಅಂಟಿಸಿದ್ದು. ನಾವು ತಪ್ಪಿದ್ದರೆ ಅದೂ ತಪ್ಪೇ ಹೇಳುತ್ತದೆ.

ವಾಪಸ್ ಬಂದ ಆಂಪ್ಯೂಲ್

ಎಲ್ಲ ಸರಿಯಾಗಿ ನಡೆದ ಮೇಲೂ ಒಂದು ಹಿಂಬಾಗಿಲು ಉಳಿಯುತ್ತದೆ. ರೋಗಿ ಬೇರೆ ವಾರ್ಡಿಗೆ ಹೋದರು, ಎರಡು ಆಂಪ್ಯೂಲ್ ಉಳಿದವು, ಪೆಟ್ಟಿಗೆ ಇಲ್ಲದೆ ಬಿಡಿಯಾಗಿ ಫಾರ್ಮಸಿಗೆ ಬಂದವು. ಕೌಂಟರ್‌ನಲ್ಲಿ ಜನ ಇದ್ದಾಗ ಅವನ್ನು ಹತ್ತಿರದ ಬಿನ್‌ಗೆ ಹಾಕಿಬಿಡುವ ಆಸೆ ಯಾರಿಗೂ ಆಗುತ್ತದೆ. ಹಾಗೆ ಹಾಕಿದ ಒಂದು ಡೋಪಮಿನ್ ಡೋಬುಟಮಿನ್ ಪೆಟ್ಟಿಗೆಯಲ್ಲಿ ಕೂತರೆ, ಮುಂದೆ ಅದನ್ನು ಹಿಡಿಯುವುದು ತೀರಾ ಕಷ್ಟ. ಪೆಟ್ಟಿಗೆಯಲ್ಲಿ ಹತ್ತರಲ್ಲಿ ಒಂಬತ್ತು ಸರಿಯಾಗಿರುತ್ತವೆ.

ಹಾಗಾಗಿ ವಾಪಸ್ ಬಂದದ್ದು ಮೊದಲು ಬೇರೆ ಟ್ರೇಗೆ. ಅಂದಿನ ಕೆಲಸ ತಗ್ಗಿದ ಹೊತ್ತಿನಲ್ಲಿ ಇಬ್ಬರು ಕೂತು ಒಂದೊಂದೇ ಓದಿ, ಬ್ಯಾಚ್ ನಂಬರನ್ನು ಕೊಟ್ಟ ದಾಖಲೆಯ ಜೊತೆ ಹೋಲಿಸಿ, ಹೊಂದಿದ್ದು ಮಾತ್ರ ಜಾಗಕ್ಕೆ. ಅಕ್ಷರ ಅಳಿಸಿದ್ದು, ಬ್ಯಾಚ್ ಹೊಂದದ್ದು, ಹೇಗೆ ಇಟ್ಟಿದ್ದರು ಅಂತ ಗೊತ್ತಿಲ್ಲದ್ದು ನಾಶಕ್ಕೆ. ಈ ಔಷಧಗಳಲ್ಲಿ ಒಂದೆರಡು ಆಂಪ್ಯೂಲ್ ಉಳಿಸುವ ಲಾಭಕ್ಕೆ ಕೈ ಹಾಕಬಾರದು.

ತಪ್ಪು ಹೊರಗೆ ಹೋಗಿದೆ ಅಂತ ತಿಳಿಯುವುದು

ಡೋಸ್‌ನಲ್ಲಿ ಕಾಣದ ತಪ್ಪು ಒಂದು ಕಡೆ ಮಾತ್ರ ತಪ್ಪದೆ ಕಾಣುತ್ತದೆ, ಸ್ಟಾಕ್ ಎಣಿಕೆಯಲ್ಲಿ. ಆದರೆ ಜೋಡಿಯ ಎರಡೂ ಔಷಧಗಳನ್ನು ಒಟ್ಟಿಗೆ ಎಣಿಸಬೇಕು. ಡೋಬುಟಮಿನ್ ದಾಖಲೆಯಲ್ಲಿ 18, ಕಪಾಟಿನಲ್ಲಿ 20. ಡೋಪಮಿನ್ ದಾಖಲೆಯಲ್ಲಿ 30, ಕಪಾಟಿನಲ್ಲಿ 28. ಒಂದರಲ್ಲಿ ಎರಡು ಹೆಚ್ಚು, ಇನ್ನೊಂದರಲ್ಲಿ ಎರಡು ಕಡಿಮೆ. ಬೇರೆ ಬೇರೆ ದಿನ, ಬೇರೆ ಬೇರೆ ಜನ ಎಣಿಸಿದ್ದರೆ ಇವು ಎರಡು ಸಣ್ಣ ಎಣಿಕೆ ತಪ್ಪುಗಳಾಗಿ ಕಂಡು ‘ಸರಿಹೊಂದಿಸಲಾಗಿದೆ’ ಎಂಬ ಷರಾದಲ್ಲಿ ಮುಗಿದುಹೋಗುತ್ತಿದ್ದವು. ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಥ ಒಂದೇ: ಡೋಬುಟಮಿನ್ ಅಂತ ಬರೆದು ಡೋಪಮಿನ್ ಕೊಡಲಾಗಿದೆ.

ಈ ಎಣಿಕೆ ತಿಂಗಳಿಗೊಮ್ಮೆ ಆದರೆ ಪ್ರಯೋಜನವಿಲ್ಲ. ಪ್ರತಿ ಪಾಳಿ ಬದಲಾಗುವಾಗ ಆಗಬೇಕು. ಒಂದು ಹಾಳೆಯ ಪಟ್ಟಿಯಾದರೆ ಹೆಚ್ಚು ಹೊತ್ತು ಹಿಡಿಯದು.

ವ್ಯತ್ಯಾಸ ಸಿಕ್ಕಿದ ಕೂಡಲೇ ಯಾರು ಕೊಟ್ಟರು ಅಂತ ಹುಡುಕುವುದಲ್ಲ, ಎಲ್ಲಿಗೆ ಹೋಯಿತು ಅಂತ ಹುಡುಕಬೇಕು. ಹಿಂದಿನ ಎಣಿಕೆಯಿಂದ ಈವರೆಗೆ ಡೋಬುಟಮಿನ್ ಹೋದ ಎಲ್ಲ ವಾರ್ಡ್‌ಗಳಿಗೂ ಫೋನ್ ಹೋಗಬೇಕು. ಸಿಸ್ಟರ್ ಹತ್ತಿರ ಕೇಳಬೇಕಾದ್ದು ‘ಡೋಬುಟಮಿನ್ ಇದೆಯಾ’ ಅಂತಲ್ಲ. ‘ಉಳಿದ ಆಂಪ್ಯೂಲ್ ಅಥವಾ ಒಡೆದ ಆಂಪ್ಯೂಲ್ ಮೇಲೆ ಏನು ಬರೆದಿದೆ, ಅಕ್ಷರ ಬಿಡಿಸಿ ಓದಿ’ ಅಂತ. ಒಡೆದ ಆಂಪ್ಯೂಲ್‌ಗಳನ್ನು ಇನ್‌ಫ್ಯೂಷನ್ ಮುಗಿಯುವ ತನಕ ಟ್ರೇಯಲ್ಲೇ ಇಟ್ಟಿರಬೇಕು ಎಂಬ ವಾರ್ಡಿನ ನಿಯಮ ಉಪಯೋಗಕ್ಕೆ ಬರುವುದು ಇಂಥ ಹೊತ್ತಿನಲ್ಲಿ.

ಡೋಪಮಿನ್ ಅಂತ ಉತ್ತರ ಬಂದರೆ ಪಂಪ್ ಸುಮ್ನೆ ಆಫ್ ಮಾಡಿ ಅಂತ ಫಾರ್ಮಸಿ ಹೇಳಬಾರದು. ಎರಡೂ ಔಷಧಗಳ ಪರಿಣಾಮ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಇದು ಒಳ್ಳೆಯದೂ ಹೌದು, ಅಪಾಯವೂ ಹೌದು. ರೋಗಿಯ ಬಿಪಿ ಆ ತಪ್ಪು ಔಷಧವನ್ನೇ ನೆಚ್ಚಿಕೊಂಡು ನಿಂತಿರಬಹುದು. ಹಾಗಾಗಿ ಮೊದಲು ವೈದ್ಯರಿಗೆ ತಿಳಿಸಿ, ಇಬ್ಬರು ಓದಿದ ಡೋಬುಟಮಿನ್ ಆಂಪ್ಯೂಲ್ ಅನ್ನು ಫಾರ್ಮಸಿಸ್ಟ್ ತಾವೇ ಹಿಡಿದು ವಾರ್ಡಿಗೆ ಹೋಗಬೇಕು. ಹೊಸ ಸಿರಿಂಜ್ ತಯಾರಾದ ಮೇಲೆ, ವೈದ್ಯರು ಎದುರಿಗಿರುವಾಗ, ಹಳೆಯದನ್ನು ತೆಗೆಯುವುದು. ತೆಗೆದ ಸಿರಿಂಜ್ ಮತ್ತು ಖಾಲಿ ಆಂಪ್ಯೂಲ್‌ಗಳನ್ನು ಎಸೆಯದೆ ಚೀಲಕ್ಕೆ ಹಾಕಿ ಸಮಯ ಬರೆದು ಇಡಬೇಕು. ಆಮೇಲೆ ಫಾರ್ಮಸಿಗೆ ವಾಪಸ್ ಬಂದು ಡೋಬುಟಮಿನ್ ಬಿನ್‌ನಲ್ಲಿ ಉಳಿದ ಪ್ರತಿ ಆಂಪ್ಯೂಲ್ ಅನ್ನೂ ಹೊರಳಿಸಿ ಓದಬೇಕು. ಪೆಟ್ಟಿಗೆಯಲ್ಲಿ ಇನ್ನೊಂದು ಡೋಪಮಿನ್ ಉಳಿದಿರಬಹುದು.